ಒಂದೇ ಗಂಟು ಬಟ್ಟೆ, ಮೂರು ಲಾಂಡ್ರಿ, ಮೂರು ಬಿಲ್ಲು: ಮಾಟುಂಗಾದಲ್ಲಿ ನಾನು ಮಾಡಿದ ಹೋಲಿಕೆ

ನಮ್ಮ ಮನೆ ಮಾಟುಂಗಾ ಪೂರ್ವದಲ್ಲಿ. ಮನೆಯಲ್ಲಿ ನಾಲ್ಕು ಜನ. ಯಜಮಾನರಿಗೆ ವಾರಕ್ಕೆ ಆರು ಆಫೀಸ್ ಶರ್ಟು ಬೇಕು. ಮಾವನವರು ಧಾರವಾಡದಿಂದ ಬಂದು ಎರಡು ವರ್ಷವಾಯಿತು, ಇಂದಿಗೂ ಧೋತರ ಮತ್ತು ನೆಹರೂ ಶರ್ಟು ಬಿಟ್ಟು ಬೇರೆ ಹಾಕುವುದಿಲ್ಲ. ಅದಕ್ಕೆ ಗಂಜಿ ಇರಲೇಬೇಕು. ನನಗೆ ಹೊರಗೆ ಹೋಗುವಾಗ ಕಾಟನ್ ಸೀರೆ ಇಷ್ಟ, ಅದಕ್ಕೂ ಗಂಜಿ. ಹಾಗಾಗಿ ಲಾಂಡ್ರಿ ಬಿಲ್ಲು ನಮ್ಮ ಮನೆಯಲ್ಲಿ ಸಣ್ಣ ಖರ್ಚಲ್ಲ.

ಬಹಳ ದಿನ ನಾನು ದರಪಟ್ಟಿಯಲ್ಲಿ ಒಂದು ಶರ್ಟಿಗೆ ಎಷ್ಟು ಅಂತ ಮಾತ್ರ ನೋಡುತ್ತಿದ್ದೆ. ಫೆಬ್ರುವರಿಯಲ್ಲಿ ಒಂದು ಸಲ ಬಿಲ್ಲು ಎರಡು ಸಾವಿರ ದಾಟಿತು. ಅದೂ ಎಲ್ಲರಿಗಿಂತ ಕಡಿಮೆ ದರ ಹಾಕಿದ್ದವರ ಬಿಲ್ಲು. ಆಗ ಕೂತು ಸಾಲು ಸಾಲಾಗಿ ಲೆಕ್ಕ ಹಾಕಿದೆ. ಮುಂದಿನ ಎರಡು ವಾರ ಅದೇ ಬಟ್ಟೆಗಳನ್ನೇ ಬೇರೆ ಎರಡು ಕಡೆ ಕೊಟ್ಟು ನೋಡಿದೆ. ಆ ಮೂರೂ ಬಿಲ್ಲುಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿ ಇಡುತ್ತಿದ್ದೇನೆ.

ಗಂಟಿನಲ್ಲಿ ಏನೇನಿತ್ತು

ಶರ್ಟು ಆರು, ಪ್ಯಾಂಟು ನಾಲ್ಕು, ನೆಹರೂ ಶರ್ಟು ಎರಡು, ಧೋತರ ಎರಡು, ಕಾಟನ್ ಸೀರೆ ಎರಡು, ಚೂಡಿದಾರ್ ಸೆಟ್ ಒಂದು, ಡಬಲ್ ಬೆಡ್‌ಶೀಟ್ ಒಂದು. ಸೆಟ್ಟನ್ನು ಒಂದು ಎಂದು ಹಿಡಿದರೆ ಒಟ್ಟು 18 ನಗ. ಎಲ್ಲವೂ ತೊಳೆದು ಇಸ್ತ್ರಿ ಮಾಡುವುದಕ್ಕೆ, ಡ್ರೈಕ್ಲೀನ್ ಯಾವುದೂ ಇಲ್ಲ. ಇದರಲ್ಲಿ ಗಂಜಿ ಬೇಕಾದದ್ದು ಆರಕ್ಕೆ: ನೆಹರೂ ಶರ್ಟು, ಧೋತರ, ಸೀರೆ, ಎರಡೆರಡು.

ಅರ್ಜೆಂಟ್ ಬೇಕಾದದ್ದು ಮೂರೇ ಮೂರು: ಒಂದು ನೆಹರೂ ಶರ್ಟು, ಒಂದು ಧೋತರ, ಒಂದು ಸೀರೆ. ಮೊದಲನೇ ವಾರ ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಶನ್‌ನಲ್ಲಿ ಭಾನುವಾರ ಒಂದು ಕಾರ್ಯಕ್ರಮವಿತ್ತು, ಮಾವನವರೂ ನಾನೂ ಹೋಗಬೇಕಿತ್ತು. ಎರಡನೇ ವಾರ ನೆಂಟರ ಮನೆಯ ಮುಂಜಿ. ಮೂರನೇ ವಾರ ಅರ್ಜೆಂಟ್ ಏನೂ ಇರಲಿಲ್ಲ, ಹೋಲಿಕೆಗೋಸ್ಕರ ಅದೇ ಮೂರನ್ನು ಅರ್ಜೆಂಟ್ ಅಂತ ಕೊಟ್ಟೆ.

ಮೂರು ಕಡೆ ಯಾವುವು ಅಂದರೆ, ಒಂದು ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯ ಸಣ್ಣ ಅಂಗಡಿ. ಅಲ್ಲಿ ಗಂಡ ಹೆಂಡತಿ ಇಬ್ಬರೇ, ಬಟ್ಟೆ ತೊಳೆಯುವುದೂ ಅವರೇ, ಇಸ್ತ್ರಿಯೂ ಅವರದೇ. ಎರಡನೆಯದು ಹಳೇ ಲಾಂಡ್ರಿ. ಗೋಡೆಯ ಮೇಲೆ ದರದ ಬೋರ್ಡು ಇದೆ, ಅಚ್ಚು ಹಾಕಿದ ಬಿಲ್ ಬುಕ್ಕು ಇದೆ, ಒಳಗೆ ಮೆಷಿನ್ನು ಮತ್ತು ಸೀರೆಗೆ ರೋಲ್ ಪ್ರೆಸ್ ಇದೆ. ಮೂರನೆಯದು ಫೋನಿನಲ್ಲಿ ಆರ್ಡರ್ ಹಾಕುವ ಆ್ಯಪ್ ಲಾಂಡ್ರಿ. ಹುಡುಗ ಬಂದು ಚೀಲ ತಗೊಂಡು ಹೋಗುತ್ತಾನೆ, ಬಟ್ಟೆ ಊರಾಚೆಯ ಪ್ಲಾಂಟಿಗೆ ಹೋಗುತ್ತದೆ. ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಗಲ್ಲಿ ಅಂಗಡಿ, ಬೋರ್ಡ್ ಅಂಗಡಿ, ಆ್ಯಪ್ ಎಂದೇ ಕರೆಯುತ್ತೇನೆ.

ಬಿಲ್ಲುಗಳು ಪಕ್ಕಪಕ್ಕದಲ್ಲಿ

| | ಗಲ್ಲಿ ಅಂಗಡಿ | ಬೋರ್ಡ್ ಅಂಗಡಿ | ಆ್ಯಪ್ |
|---|---|---|---|
| ಬಟ್ಟೆಗಳ ದರ | ₹1010 | ₹1270 | ₹905 |
| ಗಂಜಿ | ₹140 | ₹180 | ₹220 |
| ಅರ್ಜೆಂಟ್ | ₹105 | ₹350 | ₹562.50 |
| ಮನೆಯಿಂದ ಒಯ್ಯಲು | ₹30 | ಇಲ್ಲ | ₹49 |
| ಜಿಎಸ್‌ಟಿ | ಇಲ್ಲ | ದರದಲ್ಲೇ ಸೇರಿದೆ | ₹312.57 |
| ಒಟ್ಟು | ₹1285 | ₹1800 | ₹2049.07 |

ಮೊದಲ ಸಾಲು ನೋಡಿ, ಆಮೇಲೆ ಕೊನೆಯ ಸಾಲು ನೋಡಿ. ಮೊದಲ ಸಾಲಿನಲ್ಲಿ ಆ್ಯಪ್ ಎಲ್ಲಕ್ಕಿಂತ ಅಗ್ಗ. ಅಲ್ಲಿ ಶರ್ಟಿಗೆ 35 ರೂಪಾಯಿ, ಗಲ್ಲಿ ಅಂಗಡಿಯಲ್ಲಿ 40, ಬೋರ್ಡ್ ಅಂಗಡಿಯಲ್ಲಿ 50. ಸೀರೆಗೆ 90, 100, 130. ಕೊನೆಯ ಸಾಲಿನಲ್ಲಿ ಅದೇ ಆ್ಯಪ್ ಎಲ್ಲಕ್ಕಿಂತ ದುಬಾರಿ. ನಡುವಿನ ನಾಲ್ಕು ಸಾಲಿನಲ್ಲಿ ಏನು ನಡೆಯಿತು ಅನ್ನುವುದೇ ಇಲ್ಲಿ ತಿಳಿಯಬೇಕಾದ ವಿಷಯ.

ಅರ್ಜೆಂಟ್: ಎಷ್ಟು ಪರ್ಸೆಂಟ್ ಅನ್ನುವುದಕ್ಕಿಂತ ಯಾವುದರ ಮೇಲೆ ಅನ್ನುವುದು ಮುಖ್ಯ

ಗಲ್ಲಿ ಅಂಗಡಿಯಲ್ಲಿ ಅರ್ಜೆಂಟ್ ಅಂದರೆ ತೊಳೆಯುವ ದರದ ಅರ್ಧ ಜಾಸ್ತಿ, ಅದೂ ಅರ್ಜೆಂಟ್ ಹೇಳಿದ ಬಟ್ಟೆಗೆ ಮಾತ್ರ. ನೆಹರೂ ಶರ್ಟು 50, ಧೋತರ 60, ಸೀರೆ 100. ಒಟ್ಟು 210, ಅದರ ಅರ್ಧ 105. ಗಂಜಿಯ ದುಡ್ಡಿಗೆ ಅರ್ಜೆಂಟ್ ಹತ್ತುವುದಿಲ್ಲ.

ಬೋರ್ಡ್ ಅಂಗಡಿಯಲ್ಲಿ ಮರುದಿನ ಬೇಕಾದರೆ ಡಬಲ್. ಇಲ್ಲೂ ಅರ್ಜೆಂಟ್ ಬಟ್ಟೆಗೆ ಮಾತ್ರ, ಆದರೆ ಗಂಜಿಯೂ ಡಬಲ್ ಆಗುತ್ತದೆ. ನೆಹರೂ ಶರ್ಟು 60, ಗಂಜಿ 20. ಧೋತರ 70, ಗಂಜಿ 20. ಸೀರೆ 130, ಗಂಜಿ 50. ಕೂಡಿಸಿದರೆ 350. ಅಷ್ಟೇ ಇನ್ನೊಂದು ಸಲ ಕೊಡಬೇಕು. ಡಬಲ್ ಅಂದಾಗ ಬಹಳ ಅನ್ನಿಸಿತು. ಆದರೆ ಬೋರ್ಡಿನ ಮೇಲೆ ಸ್ಪಷ್ಟವಾಗಿ ಬರೆದಿತ್ತು, ಬಿಲ್ಲಿನಲ್ಲೂ ಮೂರು ಬಟ್ಟೆಯ ಮುಂದೆ ಬೇರೆ ಬೇರೆಯಾಗಿ ಬರೆದಿದ್ದರು.

ಆ್ಯಪ್‌ನಲ್ಲಿ ‘ಎಕ್ಸ್‌ಪ್ರೆಸ್ 50%’ ಅಂತ ಇತ್ತು. ಗಲ್ಲಿ ಅಂಗಡಿಯಷ್ಟೇ ಪರ್ಸೆಂಟ್ ಅಲ್ವಾ ಅಂದುಕೊಂಡೆ. ಆದರೆ ಅಲ್ಲಿ ಎಕ್ಸ್‌ಪ್ರೆಸ್ ಅನ್ನುವುದು ಬಟ್ಟೆಗೆ ಅಲ್ಲ, ಆರ್ಡರಿಗೆ. ಒಂದು ಸಲ ಆ ಗುಂಡಿ ಒತ್ತಿದರೆ ಚೀಲದಲ್ಲಿರುವ ಎಲ್ಲ ಬಟ್ಟೆಯೂ ಅರ್ಜೆಂಟ್ ಆಗುತ್ತದೆ. ಬೆಡ್‌ಶೀಟೂ ಅರ್ಜೆಂಟ್, ನಾಲ್ಕು ಪ್ಯಾಂಟೂ ಅರ್ಜೆಂಟ್. ಬಟ್ಟೆಯ 905 ಮತ್ತು ಗಂಜಿಯ 220 ಸೇರಿ 1125. ಅದರ ಅರ್ಧ 562 ರೂಪಾಯಿ 50 ಪೈಸೆ. ನನಗೆ ಬೇಕಾಗಿದ್ದ ಮೂರು ಬಟ್ಟೆಗೆ ಮಾತ್ರ ಲೆಕ್ಕ ಹಾಕಿದ್ದರೆ 145 ರೂಪಾಯಿ ಆಗುತ್ತಿತ್ತು.

ಇದಕ್ಕೆ ಅಲ್ಲೇ ಒಂದು ದಾರಿ ಇದೆ. ಆರ್ಡರನ್ನು ಎರಡು ಮಾಡುವುದು. ಮೂರು ಬಟ್ಟೆ ಒಂದು ಎಕ್ಸ್‌ಪ್ರೆಸ್ ಆರ್ಡರು, ಉಳಿದ ಹದಿನೈದು ಮಾಮೂಲಿ ಆರ್ಡರು. ನಾನು ಕೂಡಿಸಿ ನೋಡಿದೆ. ಎಕ್ಸ್‌ಪ್ರೆಸ್ ಆರ್ಡರಿಗೆ ಬಟ್ಟೆ 180, ಗಂಜಿ 110, ಸೇರಿ 290. ಒಂದೂವರೆ ಪಟ್ಟು ಮಾಡಿದರೆ 435. ಪಿಕಪ್ 49, ಜಿಎಸ್‌ಟಿ ಸೇರಿ 571.12. ಮಾಮೂಲಿ ಆರ್ಡರಿಗೆ ಬಟ್ಟೆ 725, ಗಂಜಿ 110, ಪಿಕಪ್ 49, ಜಿಎಸ್‌ಟಿ ಸೇರಿ 1043.12. ಎರಡೂ ಕೂಡಿ 1614.24. ಪಿಕಪ್ ದುಡ್ಡು ಎರಡು ಸಲ ಕೊಟ್ಟ ಮೇಲೂ 434 ರೂಪಾಯಿ 83 ಪೈಸೆ ಉಳಿತಾಯ. ಅವರ ಕನಿಷ್ಠ ಆರ್ಡರ್ 250 ರೂಪಾಯಿ. ಸೀರೆ ಇದ್ದದ್ದರಿಂದ ನಮ್ಮ ಸಣ್ಣ ಆರ್ಡರು ಆ ಗೆರೆ ದಾಟಿತು. ಬರೀ ಧೋತರ, ನೆಹರೂ ಶರ್ಟು ಆಗಿದ್ದರೆ ದಾಟುತ್ತಿರಲಿಲ್ಲ.

ಅರ್ಜೆಂಟ್ ಇಲ್ಲದೆ ಕೊಟ್ಟಿದ್ದರೆ ಹೇಗೆ ಅಂತಲೂ ನೋಡಿದೆ. ಗಲ್ಲಿ ಅಂಗಡಿ 1180, ಬೋರ್ಡ್ ಅಂಗಡಿ 1450, ಆ್ಯಪ್ 1385. ಅಂದರೆ ಅವಸರವಿಲ್ಲದ ವಾರ ಆ್ಯಪ್ ಬೋರ್ಡ್ ಅಂಗಡಿಗಿಂತ ಸ್ವಲ್ಪ ಅಗ್ಗವೇ. ಅವಸರ ಬಂದಾಗ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ.

ಪಿಕಪ್ ಮತ್ತು ಟ್ಯಾಕ್ಸು

ಇದರಲ್ಲಿ ಹೇಳುವುದು ಕಡಿಮೆ. ಗಲ್ಲಿ ಅಂಗಡಿಯವರು ಹುಡುಗನನ್ನು ಕಳಿಸಿದರೆ 30 ರೂಪಾಯಿ, ನಾವೇ ಒಯ್ದರೆ ಏನೂ ಇಲ್ಲ. ಬೋರ್ಡ್ ಅಂಗಡಿಯವರು 500 ರೂಪಾಯಿ ಮೇಲಿನ ಬಿಲ್ಲಿಗೆ ಬಿಟ್ಟಿ ಬರುತ್ತಾರೆ, ಕಡಿಮೆ ಆದರೆ ಬರುವುದೇ ಇಲ್ಲ. ಆ್ಯಪ್‌ನವರ 49 ರೂಪಾಯಿ ಕೇಳಲು ಸಣ್ಣದು, ಆದರೆ ಅದರ ಮೇಲೂ ಜಿಎಸ್‌ಟಿ ಬೀಳುತ್ತದೆ, 58 ಆಗುತ್ತದೆ.

ಜಿಎಸ್‌ಟಿ ಆ್ಯಪ್ ಬಿಲ್ಲಿನಲ್ಲಿ 9 ಮತ್ತು 9, ಒಟ್ಟು 18 ಪರ್ಸೆಂಟ್ ಇತ್ತು. ಅದನ್ನು ಹಾಕಿದ್ದು ಎಲ್ಲ ಕೂಡಿಸಿದ ಮೇಲೆ. ಅರ್ಜೆಂಟ್ ಹೆಚ್ಚಾದರೆ ಟ್ಯಾಕ್ಸೂ ಹೆಚ್ಚು. ಗಲ್ಲಿ ಅಂಗಡಿಯವರ ವಹಿವಾಟು ಚಿಕ್ಕದು. ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ನೋಂದಣಿ ಇಲ್ಲದವರು ಅದನ್ನು ವಸೂಲಿ ಮಾಡುವಂತೆಯೂ ಇಲ್ಲ. ಬೋರ್ಡ್ ಅಂಗಡಿಯಲ್ಲಿ ದರದಲ್ಲೇ ಟ್ಯಾಕ್ಸ್ ಸೇರಿದೆ ಅಂತ ಬೋರ್ಡಿನ ಕೊನೆಗೆ ಬರೆದಿದ್ದಾರೆ. ಆದ್ದರಿಂದ ಅಲ್ಲಿಯ 50 ರೂಪಾಯಿ ಶರ್ಟನ್ನು ಆ್ಯಪ್‌ನ 35 ರೂಪಾಯಿ ಶರ್ಟಿಗೆ ಹೋಲಿಸಬಾರದು, 41 ರೂಪಾಯಿಗೆ ಹೋಲಿಸಬೇಕು.

ಇನ್ನೊಂದು ಸಣ್ಣ ವಿಷಯ, ನಗ ಎಣಿಸುವ ರೀತಿ. ಗಲ್ಲಿ ಅಂಗಡಿಯಲ್ಲಿ ಚೂಡಿದಾರ್ ಸೆಟ್ ಒಂದು ನಗ, 90 ರೂಪಾಯಿ. ಬೋರ್ಡ್ ಅಂಗಡಿಯಲ್ಲಿ ಟಾಪು, ಪ್ಯಾಂಟು, ಓಢಣಿ ಬೇರೆ ಬೇರೆ, 130. ಆ್ಯಪ್‌ನಲ್ಲೂ ಮೂರು ನಗ, 100. ಹೆಣ್ಣುಮಕ್ಕಳ ಬಟ್ಟೆ ಜಾಸ್ತಿ ಇರುವ ಮನೆಯವರು ದರಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಇದು.

ಗಂಜಿ: ದುಡ್ಡು ತಗೊಂಡವರೆಲ್ಲ ಹಾಕಲಿಲ್ಲ

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. ಗಂಜಿಗೆ ಗಲ್ಲಿ ಅಂಗಡಿಯಲ್ಲಿ ನಗಕ್ಕೆ 15, ಸೀರೆಗೆ 40. ಬೋರ್ಡ್ ಅಂಗಡಿಯಲ್ಲಿ 20, ಸೀರೆಗೆ 50. ಆ್ಯಪ್‌ನಲ್ಲಿ 25, ಸೀರೆಗೆ 60. ಅಂದರೆ ಬಟ್ಟೆಯ ದರ ಯಾರಲ್ಲಿ ಕಡಿಮೆಯೋ ಅವರಲ್ಲೇ ಗಂಜಿ ಜಾಸ್ತಿ.

ಗಂಜಿ ಹಾಕುವುದು ಹೇಗೆ ಅಂತ ಮನೆಯಲ್ಲಿ ಹಾಕಿದವರಿಗೆಲ್ಲ ಗೊತ್ತು. ತೊಳೆದು ಹಿಂಡಿದ ಒದ್ದೆ ಬಟ್ಟೆಯನ್ನು ಕಾಸಿ ತೆಳುಮಾಡಿದ ಗಂಜಿಯಲ್ಲಿ ಅದ್ದಬೇಕು. ನೂಲು ನೂಲಿಗೂ ಅದು ಇಳಿಯಬೇಕು. ಆಮೇಲೆ ಪೂರ್ತಿ ಒಣಗಿಸಬೇಕು. ಒಣಗಿದ ಮೇಲೆ ನೀರು ಚಿಮುಕಿಸಿ, ಸುತ್ತಿ ಸ್ವಲ್ಪ ಹೊತ್ತು ಇಟ್ಟು, ಬಿಸಿ ಇಸ್ತ್ರಿ ಎಳೆಯಬೇಕು. ಇದರಲ್ಲಿ ಯಾವ ಹೆಜ್ಜೆ ಬಿಟ್ಟರೂ ಗೊತ್ತಾಗುತ್ತದೆ. ಸರಿಯಾಗಿ ಒಣಗದೆ ಇಸ್ತ್ರಿ ಮಾಡಿದರೆ ಮಡಿಕೆಯ ಒಳಗೆ ಕೈ ಇಟ್ಟಾಗ ತಣ್ಣಗೆ ತಗಲುತ್ತದೆ, ಎರಡನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ಗಂಜಿ ಗಂಟುಗಂಟಾಗಿದ್ದರೆ ಗಾಢ ಬಣ್ಣದ ಬಟ್ಟೆಯ ಮೇಲೆ ಬಿಳಿ ಮಚ್ಚೆ ಕಾಣುತ್ತದೆ. ಇಸ್ತ್ರಿ ತೀರಾ ಬಿಸಿಯಾಗಿದ್ದರೆ ಬಿಳೀ ಬಟ್ಟೆಯ ಮೇಲೆ ಗಂಜಿ ಸೀದು ಹಳದಿ ಗೆರೆ ಬೀಳುತ್ತದೆ.

ಗಂಜಿಗೂ ಅರ್ಜೆಂಟಿಗೂ ಹೊಂದಿಕೆ ಇಲ್ಲದಿರುವುದು ಇದೇ ಕಾರಣಕ್ಕೆ. ಶರ್ಟನ್ನು ಅವಸರದಲ್ಲಿ ತೊಳೆದು ಒಣಗಿಸಬಹುದು. ಗಂಜಿ ಬಟ್ಟೆ ಎರಡು ಸಲ ಒದ್ದೆಯಾಗಿ ಎರಡು ಸಲ ಒಣಗಬೇಕು. ಆ ಹೊತ್ತು ಉಳಿಸಬೇಕೆಂದರೆ ಯಾವುದೋ ಒಂದು ಹೆಜ್ಜೆ ಬಿಡಲೇಬೇಕು.

ಆ್ಯಪ್‌ನಿಂದ ಬಂದ ಧೋತರವನ್ನು ಮಾವನವರು ಕೈಯಲ್ಲಿ ಹಿಡಿದೇ ಹೇಳಿದರು: “ಇದು ಗಂಜಿ ಅಲ್ಲವ್ವಾ, ಬರೇ ಮ್ಯಾಲಿನ ಹೊಳಪು ಅದ.” ನೋಡಲು ಬಹಳ ಚೆನ್ನಾಗಿತ್ತು. ಪ್ಲಾಸ್ಟಿಕ್ ಕವರು, ಒಳಗೆ ರಟ್ಟು. ಉಟ್ಟುಕೊಂಡು ಕಾರ್ಯಕ್ರಮಕ್ಕೆ ಹೋಗಿ ಎರಡು ಗಂಟೆ ಕೂತರು. ಏಳುವಾಗ ಹಿಂಭಾಗವೆಲ್ಲ ಮುದುಡಿ, ನೆರಿಗೆ ಬಿದ್ದು ಹೋಗಿತ್ತು.

ಮಾವನವರ ಮಾತನ್ನು ಪರೀಕ್ಷೆ ಮಾಡಬೇಕು ಅನ್ನಿಸಿತು. ಶಾಲೆಯಲ್ಲಿ ಆಲೂಗಡ್ಡೆಯ ಮೇಲೆ ಅಯೋಡಿನ್ ಹಾಕಿದರೆ ಕಡುನೀಲಿ ಆಗುತ್ತದೆ ಅಂತ ಕಲಿತಿದ್ದೆವಲ್ಲ, ಅದೇ ಪರೀಕ್ಷೆ. ಅಕ್ಕಿಯದಾಗಲಿ ಜೋಳದ್ದಾಗಲಿ ಸಾಬೂದಾಣೆಯದಾಗಲಿ, ಗಂಜಿ ಅಂದರೆ ಪಿಷ್ಟ. ಪಿಷ್ಟ ಇದ್ದರೆ ಬಣ್ಣ ತಿರುಗಲೇಬೇಕು. ಧೋತರದ ಅಂಚಿನಿಂದ ಎದ್ದಿದ್ದ ಒಂದು ನೂಲು ಕತ್ತರಿಸಿ, ಬಿಳೀ ತಟ್ಟೆಯಲ್ಲಿಟ್ಟು, ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್‌ಗೆ ನೀರು ಸೇರಿಸಿ ಒಂದು ಹನಿ ಹಾಕಿದೆ. ನೂಲು ತಿಳಿ ಕಂದು ಬಣ್ಣವೇ ಉಳಿಯಿತು. ಮುಂದಿನ ವಾರಗಳಲ್ಲಿ ಉಳಿದ ಎರಡು ಅಂಗಡಿಯಿಂದ ಬಂದ ಧೋತರದ ನೂಲಿಗೂ ಹಾಗೇ ಮಾಡಿದೆ. ಎರಡೂ ನೋಡುನೋಡುತ್ತಿದ್ದಂತೆ ಕಪ್ಪುನೀಲಿಯಾದವು. ಪರೀಕ್ಷೆಯನ್ನು ನೂಲಿನ ಮೇಲೇ ಮಾಡಿ, ಬಟ್ಟೆಯ ಮೇಲೆ ಮಾಡಬೇಡಿ, ಕಲೆ ಉಳಿಯಬಹುದು.

ಆ್ಯಪ್‌ನವರಿಗೆ ಫೋನ್ ಮಾಡಿ ಕೇಳಿದೆ. ಎಕ್ಸ್‌ಪ್ರೆಸ್ ಬಟ್ಟೆಗೆ ಅದ್ದುವುದಿಲ್ಲ, ಇಸ್ತ್ರಿ ಮಾಡುವಾಗ ಸ್ಪ್ರೇ ಹೊಡೆಯುತ್ತೇವೆ ಅಂದರು. ಆ ಸ್ಪ್ರೇಯಲ್ಲಿ ಪಿಷ್ಟ ಇರಲಿಲ್ಲ, ಬಟ್ಟೆಯನ್ನು ಬಿರುಸು ಮಾಡುವ ಬೇರೆ ದ್ರವ. ಸ್ಪ್ರೇ ತಪ್ಪು ಅಂತ ನಾನು ಹೇಳುವುದಿಲ್ಲ, ಶರ್ಟಿನ ಕಾಲರಿಗೆ ಅದು ಸಾಕು. ಆದರೆ ಅದ್ದಿ ಹಾಕುವ ಗಂಜಿಯ ದುಡ್ಡು ತಗೊಂಡು, ಅದರ ಮೇಲೆ ಅರ್ಜೆಂಟ್ 50 ಪರ್ಸೆಂಟ್ ಹಾಕಿ, ಸ್ಪ್ರೇ ಹೊಡೆದು ಕಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರು ಇದೆ. ಕೇಳದೆ ಹೋದರೆ ತಿಳಿಯುವುದೇ ಇಲ್ಲ.

ಗಲ್ಲಿ ಅಂಗಡಿಯ ಧೋತರಕ್ಕೆ ಮಾವನವರು ಪೂರ್ತಿ ಅಂಕ ಕೊಟ್ಟರು. ತೆರೆಯುವಾಗ ಚರ್ ಅಂತ ಸದ್ದು ಬರಬೇಕು ಅನ್ನುತ್ತಾರೆ ಅವರು, ಬಂತು. ಆದರೆ ಅದೇ ಅಂಗಡಿಯಲ್ಲಿ ನನ್ನ ಕಡುನೀಲಿ ಸೀರೆಯ ಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ ಬಂದಿತ್ತು. ಕೈಯಲ್ಲಿ ಅದ್ದುವಾಗ ಧೋತರಕ್ಕೆ ಗಟ್ಟಿ ಗಂಜಿ ನಡೆಯುತ್ತದೆ, ಬಿಳಿಯಲ್ಲಿ ಬಿಳಿ ಕಾಣುವುದಿಲ್ಲ. ಗಾಢ ಬಣ್ಣದ ಸೀರೆಗೆ ಅದೇ ಬಾಲ್ದಿಯ ಗಂಜಿ ನಡೆಯುವುದಿಲ್ಲ, ಸೋಸಿ ತೆಳು ಮಾಡಬೇಕು. ಅದನ್ನು ಮಾಡಿರಲಿಲ್ಲ.

ಇಳಕಲ್ ಸೀರೆಯ ಸೆರಗು

ಅರ್ಜೆಂಟ್ ಕೊಟ್ಟ ಸೀರೆ ನನ್ನ ಇಳಕಲ್. ಒಡಲು ಕಾಟನ್, ಸೆರಗು ರೇಷ್ಮೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆದ್ದರಿಂದ ಒಂದೇ ಸೀರೆಯಲ್ಲಿ ಗಂಜಿ ಬೇಕಾದ ಭಾಗ ಒಂದು, ಬೇಡವಾದ ಭಾಗ ಒಂದು. ರೇಷ್ಮೆಗೆ ಗಂಜಿ ತಗಲಿದರೆ ಹೊಳಪು ಮಂಕಾಗುತ್ತದೆ, ಮಡಿಕೆ ಇರುವಲ್ಲಿ ಮುರಿದಂತೆ ಗೆರೆ ನಿಲ್ಲುತ್ತದೆ. ಕೆಂಪು ಸೆರಗು ಬಣ್ಣ ಬಿಟ್ಟರೆ ಒಡಲಿಗೂ ಹತ್ತುತ್ತದೆ.

ಈ ಒಂದು ಸೀರೆ ಮೂರು ಅಂಗಡಿಗಳ ವ್ಯತ್ಯಾಸವನ್ನು ನನಗೆ ಬಿಲ್ಲಿಗಿಂತ ಚೆನ್ನಾಗಿ ತೋರಿಸಿತು.

ಆ್ಯಪ್‌ನಲ್ಲಿ ಸೀರೆಗೆ ಎರಡೇ ಆಯ್ಕೆ: ಕಾಟನ್ ಅಥವಾ ಸಿಲ್ಕ್. ಕಾಟನ್ ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ಸೆರಗಿಗೆ ಗಂಜಿ ಬೇಡ ಅಂತ ಬರೆದೆ. ಹುಡುಗನಿಗೂ ಹೇಳಿದೆ. ಅವನು ಒಳ್ಳೆಯ ಹುಡುಗ, ತಲೆ ಆಡಿಸಿದ. ಆದರೆ ತೊಳೆಯುವವನು ಅವನಲ್ಲವಲ್ಲ. ಸೆರಗಿಗೂ ಸ್ಪ್ರೇ ಹೊಡೆದೇ ಬಂತು. ಪುಣ್ಯಕ್ಕೆ ಸ್ಪ್ರೇ ಆದ್ದರಿಂದ ತಣ್ಣೀರಿನಲ್ಲಿ ಎರಡು ಸಲ ಅದ್ದಿ ತೆಗೆದಾಗ ಬಿಟ್ಟಿತು. ಅದ್ದಿ ಹಾಕುವ ಗಂಜಿಯಾಗಿದ್ದರೆ ಇಷ್ಟು ಸುಲಭವಾಗಿ ಹೋಗುತ್ತಿರಲಿಲ್ಲ.

ಬೋರ್ಡ್ ಅಂಗಡಿಯ ಕಾಕಾ ನಾನು ಬಾಯಿ ತೆರೆಯುವ ಮೊದಲೇ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದರು. “ವಹಿನಿ, ಇದು ರೇಶಮ್. ಇದಕ್ಕೆ ಗಂಜಿ ಹಾಕಲ್ಲ, ಒಡಲಿಗೆ ಮಾತ್ರ” ಅಂದರು. ಬಿಲ್ಲಿನಲ್ಲೂ ಬರೆದರು: ಇಳಕಲ್, ಸೆರಗು ರೇಶಮ್, ಗಂಜಿ ಒಡಲಿಗೆ ಮಾತ್ರ, ಅಂಚಿನಲ್ಲಿ ಹಳೇ ಕಲೆ. ಅರ್ಜೆಂಟ್ ಆದರೂ ಕೆಲಸ ಪೂರ್ತಿ ಮಾಡಿದ್ದರು. ರೋಲ್ ಪ್ರೆಸ್‌ನಲ್ಲಿ ಒಡಲು ಕಾಗದದ ಹಾಗೆ ಸಪಾಟಾಗಿ ಬಂತು, ಸೆರಗು ಮೊದಲಿನ ಹಾಗೇ ಮೆತ್ತಗೆ ಇತ್ತು. ಕಡುನೀಲಿ ಸೀರೆಯ ಮೇಲೆ ಒಂದು ಮಚ್ಚೆಯೂ ಇರಲಿಲ್ಲ.

ಮೂರನೇ ವಾರ ಗಲ್ಲಿ ಅಂಗಡಿ. ಅವರಿಗೆ ಇಳಕಲ್ ಗೊತ್ತಿರಲಿಲ್ಲ. ಆದರೆ ಹೇಳಿದ್ದನ್ನು ನಿಂತು ಕೇಳಿದರು. “ಭಾಭಿ, ಸೆರಗನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಮೇಲೆ ಹಿಡೀತೀನಿ, ಉಳಿದದ್ದು ಅದ್ದುತೀನಿ” ಅಂದರು. ಹಾಗೇ ಮಾಡಿದರು. ಸೆರಗಿಗೆ ಏನೂ ಆಗಲಿಲ್ಲ, ಒಡಲಿಗೆ ಗಂಜಿ ಸ್ವಲ್ಪ ಹೆಚ್ಚು ಕಡಿಮೆ ಹತ್ತಿತ್ತು. ಬಟ್ಟೆಯನ್ನು ನೀರಿಗೆ ಅದ್ದುವ ಮನುಷ್ಯನ ಜೊತೆ ನೇರವಾಗಿ ಮಾತಾಡಲು ಸಿಗುತ್ತದೆಯೇ ಅನ್ನುವುದು ದರಪಟ್ಟಿಯಲ್ಲಿ ಇರುವುದಿಲ್ಲ. ಇಂಥ ಸೀರೆಗೆ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಕಳೆದರೆ, ಹಾಳಾದರೆ

ಬೋರ್ಡ್ ಅಂಗಡಿಯ ಬಿಲ್ಲಿನ ಹಿಂಬದಿ ಸಣ್ಣ ಅಕ್ಷರದಲ್ಲಿ ಬರೆದಿದೆ: ಬಟ್ಟೆ ಕಳೆದರೆ ಅಥವಾ ಹಾಳಾದರೆ ತೊಳೆಯುವ ದರದ ಹತ್ತು ಪಟ್ಟಿನವರೆಗೆ ಮಾತ್ರ ಪರಿಹಾರ, ಬಣ್ಣ ಹೋದರೆ ಹೊಣೆಯಿಲ್ಲ. ಆ್ಯಪ್‌ನ ನಿಯಮದಲ್ಲೂ ಹೆಚ್ಚು ಕಡಿಮೆ ಇದೇ ಇತ್ತು. ಸೀರೆಗೆ 130 ಅಂದರೆ 1300 ರೂಪಾಯಿ. ನನ್ನ ಇಳಕಲ್‌ಗೆ 4500 ಕೊಟ್ಟಿದ್ದೆ. ಇಲ್ಲೊಂದು ಗಮನಿಸಬೇಕು. ದರ ಕಡಿಮೆ ಇದ್ದಷ್ಟೂ ಪರಿಹಾರವೂ ಕಡಿಮೆ. ಆ್ಯಪ್‌ನ 90 ರೂಪಾಯಿ ಲೆಕ್ಕದಲ್ಲಿ 900ಕ್ಕೇ ನಿಲ್ಲುತ್ತಿತ್ತು. ಕಾಕಾ ಹತ್ತಿರ ಕೇಳಿದ್ದಕ್ಕೆ ಸೀರೆಯ ಬೆಲೆಯನ್ನು ಬಿಲ್ಲಿನ ಮೇಲೆ ಬರೆದು ಸಹಿ ಮಾಡಿ ಕೊಟ್ಟರು. ಗಲ್ಲಿ ಅಂಗಡಿಯಲ್ಲಿ ಬಿಲ್ಲು ಅಂದರೆ ‘18 ನಗ’ ಅಂತ ಬರೆದ ಒಂದು ಚೀಟಿ ಅಷ್ಟೇ.

ಆ್ಯಪ್‌ನ ಹುಡುಗ ನಮ್ಮ ಮನೆಯಲ್ಲಿ ಎಣಿಸಿದಾಗ 20 ನಗ, ಸೆಟ್ ಬಿಡಿಸಿ ಎಣಿಸಿದ್ದರಿಂದ. ಪ್ಲಾಂಟಿನಿಂದ ಬಂದ ಮೆಸೇಜಿನಲ್ಲಿ 19 ಇತ್ತು. ಓಢಣಿ ಟಾಪಿನ ಒಳಗೆ ಸುತ್ತಿಕೊಂಡಿತ್ತಂತೆ, ಮರುದಿನ ಸರಿಯಾಯಿತು. ಚೀಲಕ್ಕೆ ಹಾಕುವ ಮೊದಲು ಮಂಚದ ಮೇಲೆ ಹರಡಿ ನಾನು ಒಂದು ಫೋಟೋ ತೆಗೆದಿದ್ದೆ. ಅದನ್ನು ಕಳಿಸಿದ ಮೇಲೇ ಅವರು ಮತ್ತೆ ಹುಡುಕಿದ್ದು. ಈಗ ಯಾವ ಅಂಗಡಿಗೆ ಕೊಟ್ಟರೂ ಮೊದಲು ಫೋಟೋ ತೆಗೆಯುತ್ತೇನೆ.

ಈಗ ನಾನು ಮಾಡುತ್ತಿರುವುದು

ಬರೀ ದುಡ್ಡು ನೋಡಿದರೆ ಎಲ್ಲವನ್ನೂ ಗಲ್ಲಿ ಅಂಗಡಿಗೇ ಕೊಡಬೇಕು, 1285. ನಾನು ಸೀರೆ ಎರಡನ್ನು ಅದರಿಂದ ತೆಗೆದೆ. ಸೀರೆ ತೆಗೆದರೆ ಗಲ್ಲಿ ಅಂಗಡಿಯ ಬಿಲ್ಲು, ಅರ್ಜೆಂಟ್ ಧೋತರ ಮತ್ತು ನೆಹರೂ ಶರ್ಟು, ಹುಡುಗನ 30 ರೂಪಾಯಿ ಎಲ್ಲ ಸೇರಿ 955. ಸೀರೆ ಎರಡೂ ಬೋರ್ಡ್ ಅಂಗಡಿಗೆ: 260, ಗಂಜಿ 100, ಒಟ್ಟು 360. 500ಕ್ಕಿಂತ ಕಡಿಮೆ ಆದ್ದರಿಂದ ಅವರು ಬರುವುದಿಲ್ಲ, ಕಾಯಿಪಲ್ಯಕ್ಕೆ ಹೋಗುವಾಗ ನಾನೇ ಕೊಟ್ಟು ಬರುತ್ತೇನೆ. ಭಾನುವಾರ ಉಡುವುದಿದ್ದರೆ ಮಂಗಳವಾರವೇ ಕೊಡುತ್ತೇನೆ, ಅರ್ಜೆಂಟ್ ಬೀಳುವುದಿಲ್ಲ. ಎರಡೂ ಕೂಡಿ 1315. ಮೂವತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ಸೀರೆಗಳು ರೋಲ್ ಪ್ರೆಸ್ ಆಗಿ, ಮಚ್ಚೆ ಇಲ್ಲದೆ ಬರುತ್ತವೆ. ಮಂಗಳವಾರ ಮರೆತರೆ ಮಾತ್ರ ಒಂದು ಸೀರೆಗೆ 180 ದಂಡ.

ಆ್ಯಪನ್ನು ಫೋನಿನಿಂದ ತೆಗೆದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಲ್ಲಿ ಅಂಗಡಿಯವರು ಬೆಡ್‌ಶೀಟು, ಪರದೆ ತಗೊಳ್ಳುವುದಿಲ್ಲ, ಒಣಹಾಕಲು ಅವರಿಗೆ ಜಾಗವಿಲ್ಲ. ಗಂಜಿ ಬಟ್ಟೆಗೆ ಅರ್ಜೆಂಟ್ ಅಂದರೆ ಅವರೇ ಬೇಡ ಅನ್ನುತ್ತಾರೆ. ಅದು ಪ್ರಾಮಾಣಿಕ ಮಾತು, ನನಗೆ ಇಷ್ಟವಾಯಿತು. ಆ ನಾಲ್ಕು ತಿಂಗಳು ದೊಡ್ಡ ಬಟ್ಟೆಗಳನ್ನು ಆ್ಯಪ್‌ಗೆ ಕೊಡುತ್ತೇನೆ, ಅವರ ಪ್ಲಾಂಟಿನಲ್ಲಿ ಡ್ರೈಯರ್ ಇದೆ. ಎಕ್ಸ್‌ಪ್ರೆಸ್ ಒತ್ತುವುದಿಲ್ಲ, ಗಂಜಿಯನ್ನೂ ಒತ್ತುವುದಿಲ್ಲ. ಮಾವನವರ ಧೋತರಕ್ಕೆ ಮಳೆಗಾಲದಲ್ಲಿ ಮನೆಯಲ್ಲೇ ಸಾಬೂದಾಣೆ ಗಂಜಿ ಕಾಸಿ, ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಇಸ್ತ್ರಿಗೆ ಮಾತ್ರ ಗಲ್ಲಿ ಅಂಗಡಿಗೆ ಹೋಗುತ್ತದೆ.